ಜೋಡಿ ಚಾನೆಲ್ ಕಂಬ ಮತ್ತು ಅದರ ನಡುವಿನ ಪಟ್ಟಿ

ಹತ್ತು ಮೀಟರ್ ಎತ್ತರದ ಎರಡು ಉಕ್ಕಿನ ಚಾನೆಲ್‌ಗಳನ್ನು ಒಂದಕ್ಕೊಂದು ಬಿಗಿಯದೆ ಪಕ್ಕಪಕ್ಕ ನಿಲ್ಲಿಸಿ ಭಾರ ಹೇರಿದರೆ, ಎರಡೂ ಸೇರಿ ಸುಮಾರು 12 ಟನ್ನಿಗೇ ಬಾಗಿ ಬೀಳುತ್ತವೆ. ಅವನ್ನೇ ತಕ್ಕ ಅಂತರದಲ್ಲಿಟ್ಟು, ನಡುವೆ ಓರೆಯಾಗಿ ಕಬ್ಬಿಣದ ಪಟ್ಟಿಗಳನ್ನು ಬಿಗಿದರೆ 110 ಟನ್ ಹೊರುವ ಕಂಬವಾಗುತ್ತದೆ. ಆ ಪಟ್ಟಿಗಳು ಮೇಲಿನ ಭಾರವನ್ನು ಹೊರುವುದಕ್ಕೆಂದು ಇರುವುದಲ್ಲ. ಹಾಗಾದರೆ ಇಷ್ಟೊಂದು ಬಲ ಬಂದದ್ದೆಲ್ಲಿಂದ?

ಚಾನೆಲ್ ಎಂದರೆ ಇಂಗ್ಲಿಷಿನ ಸಿ ಅಕ್ಷರದ ಆಕಾರದ ಉಕ್ಕಿನ ತೊಲೆ. ಇಲ್ಲಿ ತೆಗೆದುಕೊಂಡದ್ದು 300 ಮಿಲಿಮೀಟರ್ ಆಳದ್ದು, ಮೀಟರಿಗೆ ಸುಮಾರು 36 ಕಿಲೊ ತೂಗುವಂಥದ್ದು. ಆಳದ ದಿಕ್ಕಿನಲ್ಲಿ ಅದು ಗಟ್ಟಿ, ಅಡ್ಡ ದಿಕ್ಕಿನಲ್ಲಿ ತೀರಾ ದುರ್ಬಲ. ಉದ್ದನೆಯ ಕಂಬ ಉಕ್ಕು ಜಜ್ಜಿಹೋಗಿ ಸೋಲುವುದಿಲ್ಲ, ದುರ್ಬಲ ದಿಕ್ಕಿಗೆ ಬಾಗಿ ಸೋಲುತ್ತದೆ. ಎರಡು ಚಾನೆಲ್‌ಗಳನ್ನು ಬೆನ್ನಿಗೆ ಬೆನ್ನು ಮಾಡಿ ದೂರ ಸರಿಸಿದಷ್ಟೂ ಆ ದುರ್ಬಲ ದಿಕ್ಕು ಗಟ್ಟಿಯಾಗುತ್ತ ಹೋಗುತ್ತದೆ. ಈ ಅಳತೆಯ ಚಾನೆಲ್‌ಗೆ ಬೆನ್ನುಗಳ ನಡುವೆ 183 ಮಿಲಿಮೀಟರ್ ಬಿಟ್ಟರೆ ಎರಡೂ ದಿಕ್ಕಿನ ಬಲ ಸಮವಾಗುತ್ತದೆ. ವಿನ್ಯಾಸಕಾರ 200 ಇಟ್ಟುಕೊಳ್ಳುತ್ತಾನೆ. ಅದಕ್ಕಿಂತ ಹೆಚ್ಚು ದೂರ ಮಾಡಿ ಪ್ರಯೋಜನವಿಲ್ಲ, ಏಕೆಂದರೆ ಆಗ ಕಂಬ ಇನ್ನೊಂದು ದಿಕ್ಕಿಗೆ ಬಾಗುತ್ತದೆ.

ಆದರೆ ಅಂತರ ಕೊಟ್ಟರಷ್ಟೇ ಸಾಲದು. ಕಂಬ ಬಾಗಲು ಹೊರಟಾಗ ಎರಡು ಚಾನೆಲ್‌ಗಳು ಒಂದರ ಪಕ್ಕ ಒಂದು ಜಾರಲು ನೋಡುತ್ತವೆ. ಆ ಜಾರುವಿಕೆಯನ್ನು ತಡೆದರೆ ಮಾತ್ರ ಎರಡೂ ಒಂದೇ ಕಂಬದಂತೆ ನಡೆದುಕೊಳ್ಳುತ್ತವೆ. ಓರೆಪಟ್ಟಿಯ, ಅಂದರೆ ಲೇಸಿಂಗಿನ, ಕೆಲಸ ಇದೇ. ಯಾವ ಕಂಬವೂ ಪೂರ್ತಿ ನೇರವಾಗಿರುವುದಿಲ್ಲ, ಭಾರವೂ ಸರಿಯಾಗಿ ನಡುವೆಯೇ ಬೀಳುವುದಿಲ್ಲ. ಆದ್ದರಿಂದ ಭಾರದ ಶೇ. 2.5ರಷ್ಟು ಬಲ ಅಡ್ಡಲಾಗಿ ಬರುತ್ತದೆಂದು ಎಣಿಸಬೇಕೆಂದು ನಮ್ಮ ಉಕ್ಕಿನ ಸಂಹಿತೆ ಐಎಸ್ 800 ಹೇಳುತ್ತದೆ. 110 ಟನ್ನಿಗೆ ಅದು 2.75 ಟನ್. ಎರಡು ಮುಖಗಳಿಗೆ ಹಂಚಿ, 45 ಡಿಗ್ರಿ ಓರೆಯನ್ನು ಲೆಕ್ಕಕ್ಕೆ ತಂದರೆ ಒಂದೊಂದು ಪಟ್ಟಿಗೆ ಬರುವುದು ಹೆಚ್ಚುಕಡಿಮೆ ಎರಡು ಟನ್. ಬೋಲ್ಟಿನಿಂದ ಬೋಲ್ಟಿಗೆ ಪಟ್ಟಿಯ ಉದ್ದ 424 ಮಿಲಿಮೀಟರ್. ದಪ್ಪ ಅದರ ನಲವತ್ತನೇ ಒಂದು ಭಾಗಕ್ಕಿಂತ ಕಡಿಮೆ ಇರಕೂಡದು. ಹಾಗಾಗಿ 60 ಮಿಲಿಮೀಟರ್ ಅಗಲ, 12 ಮಿಲಿಮೀಟರ್ ದಪ್ಪದ ಪಟ್ಟಿ. ಅದು ಆರು ಟನ್ನಿನವರೆಗಿನ ಒತ್ತನ್ನು ತಾಳುತ್ತದೆ.

ಈ ಲೆಕ್ಕವನ್ನು ಸಸಾರವಾಗಿ ಕಂಡರೆ ಏನಾಗುತ್ತದೆ ಎಂಬುದನ್ನು ಕೆನಡಾದ ಕ್ವಿಬೆಕ್ ಸೇತುವೆ ತೋರಿಸಿತು. ಸೇಂಟ್ ಲಾರೆನ್ಸ್ ನದಿಯ ಮೇಲೆ ಕಟ್ಟುತ್ತಿದ್ದಾಗ, 1907ರ ಆಗಸ್ಟ್ 29ರಂದು ಅದು ಕುಸಿದು 75 ಕೆಲಸಗಾರರು ಸತ್ತರು. ಒತ್ತನ್ನು ಹೊರುತ್ತಿದ್ದ ಕೆಳಗಿನ ಭಾರಿ ಅಂಗಗಳೂ ಹೀಗೆ ಬಿಡಿ ಭಾಗಗಳನ್ನು ಲೇಸಿಂಗಿನಿಂದ ಬೆಸೆದಂಥವೇ. ಆ ಲೇಸಿಂಗ್ ಅಂಗದ ಗಾತ್ರಕ್ಕೆ ತಕ್ಕಷ್ಟು ಬಲವಾಗಿರಲಿಲ್ಲವೆಂದು ತನಿಖಾ ಆಯೋಗ ಕಂಡುಕೊಂಡಿತು. ಕುಸಿಯುವ ಎರಡು ದಿನ ಮೊದಲೇ ಒಂದು ಅಂಗ ಎರಡು ಅಂಗುಲಕ್ಕೂ ಹೆಚ್ಚು ಬಾಗಿದ್ದನ್ನು ಸ್ಥಳದಲ್ಲಿದ್ದವರು ಅಳೆದಿದ್ದರು. ಆದರೂ ಕೆಲಸ ನಿಲ್ಲಲಿಲ್ಲ. ಎಚ್ಚರಿಕೆ ಕಣ್ಣೆದುರಿಗೇ ಇತ್ತು ಎಂಬುದು ಇಂದಿಗೂ ಸಂಕಟದ ವಿಷಯ.

ಲೇಸಿಂಗ್ ಬದಲು ಅಡ್ಡ ಪ್ಲೇಟುಗಳನ್ನು, ಅಂದರೆ ಬ್ಯಾಟನ್‌ಗಳನ್ನು, ಕೂಡ ಹಾಕಬಹುದು. ವಿದ್ಯುದೀಕರಣವಾದ ರೈಲು ಹಳಿಗಳ ಪಕ್ಕದ ಎಷ್ಟೋ ಕಂಬಗಳಲ್ಲಿ ಇವನ್ನು ನೋಡಬಹುದು. ಇಲ್ಲಿ ತ್ರಿಕೋನಗಳಿಲ್ಲ, ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಪ್ಲೇಟುಗಳಷ್ಟೇ. ಕಂಬ ಬಾಗುವಾಗ ಪ್ಲೇಟೂ ಚಾನೆಲೂ ತಾವೇ ಸ್ವಲ್ಪ ಸ್ವಲ್ಪ ಬಾಗಬೇಕಾಗುತ್ತದೆ, ಹಾಗಾಗಿ ಇಡೀ ಕಂಬ ಸಡಿಲ. ಸಂಹಿತೆ ಈ ಸಡಿಲಕ್ಕೆ ದಂಡ ಹಾಕುತ್ತದೆ: ಕಂಬ ಎಷ್ಟು ನೀಳವೆಂದು ಹೇಳುವ ಸ್ಲೆಂಡರ್‌ನೆಸ್ ರೇಷಿಯೊವನ್ನು ಲೇಸಿಂಗಿಗೆ ಶೇ. 5, ಬ್ಯಾಟನ್‌ಗೆ ಶೇ. 10 ಏರಿಸಿ ಲೆಕ್ಕ ಹಾಕಬೇಕು. ನಮ್ಮ ಕಂಬ ಲೇಸಿಂಗಿನಲ್ಲಿ 114 ಟನ್ ತಾಳುತ್ತದೆ, ಬ್ಯಾಟನ್‌ನಲ್ಲಿ 109ಕ್ಕೂ ತುಸು ಕಡಿಮೆ. ಬೇಕಾದದ್ದು 110. ಕೂದಲೆಳೆಯ ಅಂತರದಲ್ಲಿ ಬ್ಯಾಟನ್ ಸೋಲುತ್ತದೆ. ಭಾರ ಕಡಿಮೆ ಇದ್ದು, ಪಕ್ಕದಿಂದ ತಳ್ಳುವ ಬಲ ಇಲ್ಲದಿದ್ದರೆ ಬ್ಯಾಟನ್ ಸಾಕು, ತಯಾರಿಸುವುದೂ ಸುಲಭ. ಹೊರೆ ಒಂದು ಬದಿಗೆ ಬೀಳುವಲ್ಲಿ ನಾನು ಲೇಸಿಂಗನ್ನೇ ಆರಿಸುತ್ತೇನೆ.

ನಿಂತ ಕಂಬಕ್ಕೆ ಅಪಾಯ ಬರುವುದು ಹೆಚ್ಚಾಗಿ ಗ್ಯಾಸ್ ಕಟರ್‌ನಿಂದ. ಪೈಪಿಗೆ ಅಡ್ಡ ಬಂತೆಂದು ಒಂದು ಪಟ್ಟಿಯನ್ನು ಕತ್ತರಿಸಿದರೆ ಅಲ್ಲಿನ ತ್ರಿಕೋನವೇ ಮುರಿಯುತ್ತದೆ. ಅಡ್ಡ ಬಲವನ್ನು ಆ ತುಂಡಿನಲ್ಲಿ ಚಾನೆಲ್‌ಗಳು ತಾವೇ ಬಾಗುತ್ತ ಹೊರಬೇಕಾಗುತ್ತದೆ. ಲಾರಿ ತಾಗಿ ಸೊಟ್ಟಗಾದ ಪಟ್ಟಿ, ಉದ್ದಕ್ಕೆ ಹಿಗ್ಗಿದ ಬೋಲ್ಟಿನ ತೂತು, ಬುಡದಲ್ಲಿ ಧೂಳು ನೀರು ನಿಂತು ತುಕ್ಕು ತಿಂದ ಜಾಗ, ಇವು ನೋಡಬೇಕಾದ ಗುರುತುಗಳು. ಕಂಬದ ಉದ್ದಕ್ಕೂ ದಾರ ಎಳೆದು ಹಿಡಿದರೆ ಚಾನೆಲ್ ಉಬ್ಬಿದ್ದು ಕಾಣುತ್ತದೆ. ನಿಮ್ಮ ಕಾರ್ಖಾನೆಯಲ್ಲೋ ಗೋದಾಮಿನಲ್ಲೋ ಇಂಥ ಪಟ್ಟಿಗೆ ಯಾರಾದರೂ ಕಟರ್ ಹಿಡಿದರೆ ದಯವಿಟ್ಟು ತಡೆಯಿರಿ. ಪೈಪನ್ನು ಬಳಸಿ ಒಯ್ಯುವುದಕ್ಕೆ ಬೇರೆ ದಾರಿ ಇದ್ದೇ ಇರುತ್ತದೆ.