ಹೊಟ್ಟೆಯ ದೂರಿಗೆ ಕೆಳದವಡೆ ಕಾರಣವಿದ್ದೀತು

ಊಟ ಮುಗಿದು ಅರ್ಧ ಗಂಟೆಯಲ್ಲೇ ಹೊಟ್ಟೆ ಉಬ್ಬರ, ಒಂದರ ಹಿಂದೊಂದು ತೇಗು, ಸಂಜೆಯವರೆಗೂ ಇಳಿಯದ ಭಾರ. ವಯಸ್ಸಾದವರು ಹೀಗೆಂದರೆ ಮನೆಯಲ್ಲಿ ಓಂಕಾಳಿನ ಕಷಾಯವೋ ಗ್ಯಾಸಿನ ಮಾತ್ರೆಯೋ ಕೈಗೆ ಬರುತ್ತದೆ. ಏನು ತಿಂದಿರಿ ಎಂದು ಎಲ್ಲರೂ ಕೇಳುತ್ತಾರೆ. ಹೇಗೆ ತಿಂದರು ಎಂದು ಪಕ್ಕದಲ್ಲಿ ಕೂತು ನೋಡುವವರು ಕಡಿಮೆ.

ಹಲ್ಲು ಕಟ್ಟಿಸಿಕೊಂಡ ಅನೇಕರಲ್ಲಿ ಕಾಣುವ ಸಂಗತಿಗಳನ್ನು ಒಟ್ಟುಗೂಡಿಸಿ, ಮಂಡ್ಯ ಕಡೆಯ ಎಪ್ಪತ್ತೆರಡರ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳೋಣ. ಹತ್ತು ವರ್ಷದ ಹಿಂದೆ ಮೇಲೆ-ಕೆಳಗೆ ಪೂರ್ತಿ ಸೆಟ್ ಮಾಡಿಸಿದ್ದಾರೆ. ಮೇಲಿನದು ಕೂತಲ್ಲೇ ಕೂತಿದೆ. ಕೆಳಗಿನದು ಮಾತಾಡಿದರೆ ಕಟಕಟ ಎನ್ನುತ್ತದೆ, ಅಗಿದರೆ ಜಾರುತ್ತದೆ, ಒಂದು ಕಡೆ ಒಸಡನ್ನು ಒತ್ತಿ ನೋಯಿಸುತ್ತದೆ. ಮದುವೆಮನೆಗೆ ಹಾಕಿಕೊಳ್ಳುತ್ತಾರೆ, ಮನೆಯಲ್ಲಿ ಊಟಕ್ಕೆ ಕೂತಾಗ ತೆಗೆದಿಡುತ್ತಾರೆ. ಮುದ್ದೆಗೆ ತೊಂದರೆಯಿಲ್ಲ, ಅದು ಹೇಗೂ ನುಂಗುವ ಪದಾರ್ಥ. ಆದರೆ ಜೊತೆಗಿನ ಹುರುಳಿಕಾಳನ್ನೂ ಹುರುಳಿಕಾಯಿ ಪಲ್ಯವನ್ನೂ ಅವರು ಮುದ್ದೆಯ ಹಾಗೆಯೇ ನುಂಗುತ್ತಾರೆ. ಮೂರ್ನಾಲ್ಕು ಸಲ ಬಾಯಾಡಿಸಿ ಒಂದು ಗುಟುಕು ನೀರು. ಉಳಿದವರು ಅನ್ನಕ್ಕೆ ಬರುವಷ್ಟರಲ್ಲಿ ಇವರು ಕೈ ತೊಳೆದಿರುತ್ತಾರೆ.

ಹತ್ತು ವರ್ಷದ ಹಿಂದೆ ಸರಿಯಾಗಿ ಕೂತಿದ್ದ ಸೆಟ್ ಈಗ ಸಡಿಲವಾದದ್ದು ಸೆಟ್ ಸವೆದದ್ದರಿಂದಷ್ಟೇ ಅಲ್ಲ. ಹಲ್ಲು ಕಿತ್ತ ಮೇಲೆ ಅದನ್ನು ಹಿಡಿದಿದ್ದ ದವಡೆಯ ಮೂಳೆಗೆ ಕೆಲಸವಿಲ್ಲ, ಅದು ಕರಗತೊಡಗುತ್ತದೆ. ಮೊದಲ ವರ್ಷ ಬೇಗ, ಆಮೇಲೆ ನಿಧಾನವಾಗಿ, ಆದರೆ ನಿಲ್ಲದೆ. ಮೇಲ್ದವಡೆಗಿಂತ ಕೆಳದವಡೆಯಲ್ಲಿ ಈ ಕರಗುವಿಕೆ ಹೆಚ್ಚು. ಜೊತೆಗೆ ಮೇಲಿನ ಸೆಟ್ ಇಡೀ ಅಂಗುಳನ್ನು ಮುಚ್ಚಿ, ಜೊಲ್ಲಿನ ತೆಳು ಪದರದ ಹಿಡಿತದಲ್ಲಿ ಅಂಟಿಕೊಂಡಿರುತ್ತದೆ. ಕೆಳಗಿನದಕ್ಕೆ ಸಿಗುವುದು ಲಾಳಾಕಾರದ ಕಿರಿದಾದ ಏಣು ಮಾತ್ರ, ನಡುವೆ ನಾಲಿಗೆ ಆಡುತ್ತಲೇ ಅದನ್ನು ಎತ್ತುತ್ತಿರುತ್ತದೆ. ಕೆಲವು ಬಿಪಿ ಮಾತ್ರೆ, ನಿದ್ದೆ ಅಥವಾ ಖಿನ್ನತೆಯ ಮಾತ್ರೆಗಳಿಂದ ಬಾಯಿ ಒಣಗಿದರೆ ಇರುವ ಹಿಡಿತವೂ ಹೋಗುತ್ತದೆ. ಚೆನ್ನಾಗಿ ಕೂತ ಪೂರ್ತಿ ಸೆಟ್ಟಿನಲ್ಲೂ ಕಚ್ಚುವ ಬಲ ಸ್ವಂತ ಹಲ್ಲಿನ ಕಾಲುಭಾಗದಷ್ಟು ಇದ್ದರೆ ಹೆಚ್ಚು. ಸಡಿಲವಾದರೆ ಅಷ್ಟೂ ಇಲ್ಲ.

ಬಲ ಕಡಿಮೆಯಾದರೆ ಹೆಚ್ಚು ಹೊತ್ತು ಅಗಿಯಬೇಕಲ್ಲವೇ? ಹಾಗಾಗುವುದಿಲ್ಲ. ಹಲ್ಲಿಲ್ಲದವರು ಒಂದೆರಡು ಸಲ ಹೆಚ್ಚಿಗೆ ಬಾಯಾಡಿಸಿದರೂ ಕೊನೆಗೆ ದೊಡ್ಡ ಚೂರುಗಳನ್ನೇ ನುಂಗುತ್ತಾರೆ. ನೋವು ಒಂದು ಕಾರಣ. ಎಲ್ಲರ ಮುಂದೆ ಬಾಯಿಗೆ ಕೈ ಹಾಕಿ ಸೆಟ್ ಸರಿಮಾಡಿಕೊಳ್ಳುವ ಸಂಕೋಚ ಇನ್ನೊಂದು.

ಹಾಗೆ ಇಳಿದ ಚೂರುಗಳನ್ನು ಅರೆಯುವ ಕೆಲಸ ಹೊಟ್ಟೆಯ ಕೆಳಭಾಗದ ಸ್ನಾಯುಗಳಿಗೆ ಬೀಳುತ್ತದೆ. ಗಟ್ಟಿ ಆಹಾರ ಸಾಮಾನ್ಯವಾಗಿ ಒಂದೆರಡು ಮಿಲಿಮೀಟರಿನಷ್ಟು ಸಣ್ಣದಾಗುವವರೆಗೆ ಹೊಟ್ಟೆ ಅದನ್ನು ಕರುಳಿಗೆ ಬಿಡುವುದಿಲ್ಲ. ಮೆತ್ತಗಿನ ಅನ್ನ-ಸಾರಾದರೆ ಇದು ತಿಳಿಯುವುದೇ ಇಲ್ಲ. ಸಿಪ್ಪೆಯಿರುವ ಕಾಳು, ಹಸಿ ತರಕಾರಿ, ಕೊಬ್ಬರಿ, ಮಾಂಸ ಇಡಿಯಾಗಿ ಹೋದರೆ ಹೊಟ್ಟೆಯಲ್ಲೇ ಹೆಚ್ಚು ಹೊತ್ತು ನಿಲ್ಲುತ್ತವೆ, ಭಾರ ಅನ್ನಿಸುವುದು ಅದಕ್ಕೇ. ಅವಸರದ ತುತ್ತಿನೊಡನೆ ಗಾಳಿಯೂ ಒಳಗೆ ಹೋಗಿ ತೇಗಾಗಿ ಹೊರಬರುತ್ತದೆ. ಕೊನೆಗೆ ಅಜ್ಜಿ ಕಾಳು-ಸೊಪ್ಪಿನ ಸಹವಾಸವೇ ಬೇಡವೆಂದು ಹಾಲು-ಬ್ರೆಡ್ಡು, ಮೆತ್ತಗಿನ ಅನ್ನಕ್ಕೆ ಇಳಿಯುತ್ತಾರೆ. ನಾರು ಕಡಿಮೆಯಾಗಿ ಮಲಬದ್ಧತೆ ಶುರು, ಉಬ್ಬರ ಇನ್ನಷ್ಟು.

ಇದನ್ನು ಮನೆಯಲ್ಲೇ ಗುರುತಿಸಬಹುದು. ಅವರಿಗೆ ಗೊತ್ತಾಗದಂತೆ ಎರಡು-ಮೂರು ಊಟ ಗಮನಿಸಿ: ಪ್ರತಿ ತುತ್ತಿಗೂ ನೀರು ಬೇಕೇ, ಒಂದೇ ದವಡೆಯಲ್ಲಿ ಅಗಿಯುತ್ತಾರೆಯೇ, ಕಾಳು-ತರಕಾರಿ ತಟ್ಟೆಯ ಅಂಚಿಗೆ ಸರಿಯುತ್ತದೆಯೇ, ತಿನ್ನುವಾಗ ಕೆಮ್ಮು ಬರುತ್ತದೆಯೇ. ಆಮೇಲೆ ಅವರನ್ನೇ ಕೇಳಿ, ಬೇಯಿಸಿದ ಕ್ಯಾರೆಟ್ ತುಂಡೊಂದನ್ನು ಇಪ್ಪತ್ತು ಸಲ ಅಗಿದು ನುಂಗದೆ ಬಟ್ಟಲಿಗೆ ಉಗುಳಲಿ. ನುಣ್ಣಗಾಗಿದ್ದರೆ ಸರಿ. ತುಂಡು ತುಂಡಾಗಿಯೇ ಉಳಿದಿದ್ದರೆ ಹಲ್ಲಿನ ವೈದ್ಯರ ಬಳಿ ಹೋಗಬೇಕು. ಕಡಲೆಬೀಜ ಕೊಟ್ಟು ಈ ಪರೀಕ್ಷೆ ಮಾಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ.

ಸಡಿಲ ಸೆಟ್ ಎಂದ ಕೂಡಲೇ ಹೊಸದೇ ಆಗಬೇಕೆಂದಿಲ್ಲ. ವೈದ್ಯರು ಮೊದಲು ಒಸಡಿಗೆ ಒತ್ತುವ ಜಾಗವನ್ನು ಗುರುತಿಸಿ ಅಷ್ಟನ್ನೇ ಉಜ್ಜಿ ತೆಗೆಯುತ್ತಾರೆ. ಮೂಳೆ ಕರಗಿ ಉಂಟಾದ ಸಂದನ್ನು ತುಂಬಲು ಬಾಯಿಯ ಈಗಿನ ಅಚ್ಚು ತೆಗೆದು, ಸೆಟ್ಟಿನ ಒಳಮೈಗೆ ಹೊಸ ಪದರ ಕೊಡುತ್ತಾರೆ. ಇದಕ್ಕೆ ರಿಲೈನಿಂಗ್ ಎನ್ನುತ್ತಾರೆ. ಹಲ್ಲುಗಳೇ ಸವೆದು ಚಪ್ಪಟೆಯಾಗಿದ್ದರೆ ಹೊಸ ಸೆಟ್ ಬೇಕಾಗಬಹುದು. ಬಡ ಕುಟುಂಬದ ಹಿರಿಯರಿಗೆ ಉಚಿತವಾಗಿ ಸೆಟ್ ಕೊಡಲೆಂದು ಕರ್ನಾಟಕ ಸರ್ಕಾರ 'ದಂತ ಭಾಗ್ಯ' ಯೋಜನೆ ತಂದಿದೆ, ಜಿಲ್ಲಾಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಬಹುದು. ಅಂಗಡಿಯ ಅಂಟುಪುಡಿ ಹಾಕಿಕೊಂಡು ವರ್ಷಗಟ್ಟಲೆ ದೂಡುವುದು ಪರಿಹಾರವಲ್ಲ. ಮನೆಯಲ್ಲಿ ಉಜ್ಜಿ ಸರಿಮಾಡಲು ಹೋದರೆ ಸೆಟ್ ಕೆಡುತ್ತದೆ, ಕುದಿಯುವ ನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ. ರಾತ್ರಿ ತೆಗೆದು ತಣ್ಣೀರಿನಲ್ಲಿಟ್ಟರೆ ಒಸಡಿಗೆ ವಿಶ್ರಾಂತಿ.

ಸೆಟ್ ಸರಿಯಾದ ಮಾತ್ರಕ್ಕೆ ನುಂಗುವ ರೂಢಿ ಬಿಡುವುದಿಲ್ಲ, ಅದನ್ನು ಮರಳಿ ಕಲಿಯಬೇಕು. ತುತ್ತು ಅರ್ಧಕ್ಕೆ ಇಳಿಯಲಿ. ಮುಂದಿನ ಹಲ್ಲಿನಲ್ಲಿ ಕಚ್ಚಿ ಎಳೆದರೆ ಸೆಟ್ ಏಳುತ್ತದೆ, ಆದ್ದರಿಂದ ಮೊದಲೇ ಚಿಕ್ಕದಾಗಿ ಹೆಚ್ಚಿ, ಎರಡೂ ಬದಿಯ ಹಿಂದಿನ ಹಲ್ಲುಗಳ ಮೇಲೆ ಸಮನಾಗಿ ಇಟ್ಟು ಅಗಿಯಬೇಕು. ಬಾಯಲ್ಲಿದ್ದದ್ದು ಇಳಿದ ಮೇಲೆಯೇ ಮುಂದಿನ ತುತ್ತು.

ಅಡಿಗೆಯಲ್ಲೂ ದಾರಿಯಿದೆ. ಹಲ್ಲು ಹೋದ ಹಿರಿಯರು ಎಲೆ-ಅಡಿಕೆ ಬಿಟ್ಟವರಲ್ಲ, ಕುಟ್ಟಾಣಿಯಲ್ಲಿ ಕುಟ್ಟಿ ಹಾಕಿಕೊಳ್ಳುತ್ತಿದ್ದರು. ಊಟಕ್ಕೂ ಆ ಉಪಾಯ ನಡೆಯುತ್ತದೆ. ಸಿಪ್ಪೆ ಬಿಡಿಸಿದ ಹಿತಕಿದ ಅವರೆಬೇಳೆ, ನೆನೆಸಿ ಚೆನ್ನಾಗಿ ಬೇಯಿಸಿ ಮಸೆದ ಹುರುಳಿ, ತುರಿದು ಬೇಯಿಸಿದ ಕ್ಯಾರೆಟ್, ಮಸೊಪ್ಪು, ಸಾರಿನಲ್ಲಿ ನೆನೆಸಿದ ರೊಟ್ಟಿ. ಎಲ್ಲವನ್ನೂ ಗಂಜಿ ಮಾಡಿದರೆ ಅಗಿಯುವ ಅಭ್ಯಾಸವೂ ಹೋಗುತ್ತದೆ, ನಾರೂ ಪ್ರೊಟೀನೂ ಕಡಿಮೆಯಾಗುತ್ತವೆ.

ನಮ್ಮ ಅಜ್ಜಿ ಹೀಗೆ ನಡೆದುಕೊಂಡು ಮೂರ್ನಾಲ್ಕು ವಾರದಲ್ಲಿ ತೇಗು, ಊಟದ ನಂತರದ ಭಾರ ಇಳಿದವು ಅನ್ನೋಣ. ರಾತ್ರಿಯ ಎದೆಯುರಿ ಮಾತ್ರ ಇಳಿಯಲಿಲ್ಲ. ವಿಚಾರಿಸಿದರೆ ಮಂಡಿನೋವಿಗೆ ಅಂಗಡಿಯಿಂದ ತಂದ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗುತ್ತಿದ್ದರು. ಅದಕ್ಕೆ ಮದ್ದು ಹಲ್ಲಿನ ವೈದ್ಯರಲ್ಲಿಲ್ಲ. ಅಜೀರ್ಣಕ್ಕೆಲ್ಲ ಹಲ್ಲೇ ಕಾರಣವಲ್ಲ. ತೂಕ ಇಳಿಯುತ್ತಿದ್ದರೆ, ಮಲ ಕಪ್ಪಾಗಿದ್ದರೆ, ಮತ್ತೆ ಮತ್ತೆ ವಾಂತಿಯಾಗುತ್ತಿದ್ದರೆ, ರಕ್ತ ಕಡಿಮೆಯಿದ್ದರೆ, ಆಹಾರ ಗಂಟಲಲ್ಲೋ ಎದೆಯಲ್ಲೋ ನಿಂತಂತಾದರೆ ಹಲ್ಲು ಸರಿಪಡಿಸಿ ನೋಡೋಣ ಎಂದು ಕಾಯಬಾರದು. ತಡಮಾಡದೆ ವೈದ್ಯರನ್ನು ಕಾಣಬೇಕು, ಎಂಡೋಸ್ಕೋಪಿ ಬೇಕಾಗಬಹುದು. ಹೋಗುವಾಗ ನುಂಗುವ ಮಾತ್ರೆಗಳೆಲ್ಲ ಜೊತೆಗಿರಲಿ. ಸೆಟ್ ಇದ್ದರೆ ಅದೂ ಬಾಯಲ್ಲೇ ಇರಲಿ.