ಏರಿನಲ್ಲಿ ಕಾರು ಹಿಂದಕ್ಕೆ ಜಾರುವ ಭಯ

ನಡುವಯಸ್ಸಿನಲ್ಲಿ ಡ್ರೈವಿಂಗ್ ಕಲಿಯಲು ಬರುವ ಹಲವರಿಗೆ ವೇಗಕ್ಕಿಂತ ಏರು ಕಂಡರೆ ಹೆಚ್ಚು ಅಂಜಿಕೆ. ಫ್ಲೈಓವರ್ ಏರಿನಲ್ಲಿ ವಾಹನಗಳ ಸಾಲು ನಿಂತಿರುತ್ತದೆ, ಬ್ರೇಕಿನಿಂದ ಕಾಲೆತ್ತಿದರೆ ಕಾರು ಜಾರಿ ಹಿಂದಿನ ಆಟೋಗೆ ತಗುಲೀತೆಂಬ ಚಿಂತೆ. ಇದು ಬರೀ ಪುಕ್ಕಲುತನವಲ್ಲ. ಬಲಗಾಲು ಬ್ರೇಕಿನಿಂದ ಆಕ್ಸಿಲರೇಟರಿಗೆ ಸರಿಯುವ ಅರೆಕ್ಷಣ ಗೇರಿನ ಕಾರನ್ನು ಹಿಡಿದಿಡುವುದು ಏನೂ ಇರುವುದಿಲ್ಲ.

ಆ ಅರೆಕ್ಷಣಕ್ಕೆ ಹ್ಯಾಂಡ್‌ಬ್ರೇಕ್ ಇದೆ. ನಿಂತ ಕೂಡಲೇ ಅದನ್ನು ಎಳೆದು, ಕ್ಲಚ್ ಪೂರ್ತಿ ಒತ್ತಿ ಮೊದಲ ಗೇರ್ ಹಾಕಬೇಕು. ಆಕ್ಸಿಲರೇಟರ್ ತುಸು ಒತ್ತಿ, ಕ್ಲಚ್ಚನ್ನು ನಿಧಾನವಾಗಿ ಮೇಲಕ್ಕೆ ಬಿಡುತ್ತಾ ಬಂದರೆ ಒಂದು ಹಂತದಲ್ಲಿ ಎಂಜಿನ್ನಿನ ಸದ್ದು ಭಾರವಾಗುತ್ತದೆ, ಬಾನೆಟ್ ಕೊಂಚ ಮೇಲೇಳುತ್ತದೆ. ಎಂಜಿನ್ ಚಕ್ರಗಳನ್ನು ಹಿಡಿದುಕೊಂಡ ಗುರುತು ಅದು. ಎಡಗಾಲನ್ನು ಅಲ್ಲೇ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಇಳಿಸಿದರೆ ಕಾರು ಮುಂದಕ್ಕೇ ಹೊರಡುತ್ತದೆ. ಎಡವುವುದು ಹೆಚ್ಚಾಗಿ ಇಲ್ಲೇ: ಹಿಂದಿನವರ ಹಾರ್ನ್ ಕೇಳಿ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಎಂಜಿನ್ ಆಫ್ ಆಗುತ್ತದೆ. ಆಗ ಕಾಲುಬ್ರೇಕ್ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ಗೆ ತಂದು ಮತ್ತೆ ಸ್ಟಾರ್ಟ್ ಮಾಡಿದರಾಯಿತು. ಹಾರ್ನ್ ಹೊಡೆಯುವವರು ಹೊಡೆದುಕೊಳ್ಳಲಿ. ಇದಕ್ಕೆ ವಿರುದ್ಧವಾಗಿ, ಅರ್ಧ ಕ್ಲಚ್ಚಿನಲ್ಲೇ ಬಹಳ ಹೊತ್ತು ನಿಂತರೆ ಸುಟ್ಟ ವಾಸನೆ ಬರುತ್ತದೆ, ಕ್ಲಚ್ ಪ್ಲೇಟ್ ಸವೆಯುತ್ತದೆ.

ಕ್ಲಚ್ ಹಿಡಿಯುವ ಜಾಗ ಒಂದೊಂದು ಕಾರಿನಲ್ಲಿ ಒಂದೊಂದು ಕಡೆ. ಅದನ್ನು ಮೊದಲು ಸಮತಟ್ಟಾದ ಖಾಲಿ ಮೈದಾನದಲ್ಲಿ, ಆಕ್ಸಿಲರೇಟರ್ ಮುಟ್ಟದೆ ಕ್ಲಚ್ಚಿನಲ್ಲೇ ಕಾರನ್ನು ತೆವಳಿಸಿ ಕಾಲಿಗೆ ರೂಢಿ ಮಾಡಿಸಬೇಕು. ಏರಿಗೆ ಹೋಗುವುದು ಅದಾದ ಮೇಲೆ. ಕೆಲವು ಹೊಸ ಕಾರುಗಳ ಹಿಲ್ ಹೋಲ್ಡ್ ಸೌಲಭ್ಯ ಬ್ರೇಕನ್ನು ಒಂದೆರಡು ಸೆಕೆಂಡ್ ತಾನೇ ಹಿಡಿದಿಡುತ್ತದೆ, ಆದರೆ ಕಲಿಕೆಯ ಕಾರಿನಲ್ಲಿ ಅದು ಇಲ್ಲದಿರಬಹುದು.