‘ವೆಸ್ಟ್ ನೈಲ್ ತರಹದ’ ಒಂದು ವೈರಸ್

1999ರ ಆಗಸ್ಟ್‌ನಲ್ಲಿ ಕ್ವೀನ್ಸ್‌ನ ವೈದ್ಯರೊಬ್ಬರು ಮೆದುಳಿನ ಉರಿಯೂತದ ಇಬ್ಬರು ರೋಗಿಗಳ ವಿಷಯವನ್ನು ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆಗೆ ತಿಳಿಸಿದರು. ರಕ್ತಪರೀಕ್ಷೆ ನೋಡಿ ಸೆಪ್ಟೆಂಬರ್ 3ರಂದು ಅದು ಸೇಂಟ್ ಲೂಯಿಸ್ ಎನ್ಸೆಫಲೈಟಿಸ್ ಎಂದು ಸಾರಿದರು. ಆದರೆ ಆ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು. ಹತ್ತಿರದ ನಂಟಿನ ಬೇರೆ ವೈರಸ್ ಇದ್ದರೂ ಅದು ‘ಹೌದು’ ಎನ್ನಬಲ್ಲದು. ಅತ್ತ ಕಾಗೆಗಳು ಸಾಯುತ್ತಿದ್ದವು. ಸೇಂಟ್ ಲೂಯಿಸ್ ವೈರಸ್ ಸಾಮಾನ್ಯವಾಗಿ ಹಕ್ಕಿಗಳನ್ನು ಕೊಲ್ಲುವುದಿಲ್ಲ.

ಅಕ್ಟೋಬರ್ 1ರ ಸಿಡಿಸಿ ವರದಿ ನನಗೆ ಇಂದಿಗೂ ಮೆಚ್ಚು. ಅದು ‘ವೆಸ್ಟ್ ನೈಲ್ ತರಹದ’ ವೈರಸ್ ಎಂದಷ್ಟೇ ಬರೆಯಿತು. ಉತ್ತರ ಅಮೆರಿಕಕ್ಕೆ ಯಾವಾಗ, ಹೇಗೆ ಬಂತೋ ತಿಳಿದಿಲ್ಲ ಎಂದು ನೇರವಾಗಿ ಹೇಳಿ, ಪ್ರಯಾಣಿಕರನ್ನೂ ಆಮದಾದ ಹಕ್ಕಿಗಳನ್ನೂ ಬರೀ ಸಾಧ್ಯತೆಗಳೆಂದು ಇಟ್ಟಿತು.

ನ್ಯೂಜೆರ್ಸಿಯಲ್ಲಿ ನನ್ನ ರೋಗಿಗಳು ಕೇಳಿದಾಗ ನಾನೂ ಅಷ್ಟೇ ಹೇಳುತ್ತಿದ್ದೆ: ಎಲ್ಲಿಂದ ಬಂತೋ ಗೊತ್ತಿಲ್ಲ; ಸೊಳ್ಳೆಯಿಂದ ಹರಡುತ್ತದೆ, ಹಿತ್ತಲಲ್ಲಿ ನಿಂತ ನೀರು ಚೆಲ್ಲಿಬಿಡಿ.